ಹಿತ್ತಾಳೆ ವಿಭಾಗದ ತೈಯಲ್‌ನಾಯಕಿ ಮತ್ತು ಕೆಂಪು ಅಂಕಿ

ನಮ್ಮ ಅಂಗಡಿಗೆ ಬಂದು ‘ಸ್ವಲ್ಪ ಹಗುರವಾದ ದೀಪ ಕೊಡಿ’ ಎಂದವರನ್ನು ತೈಯಲ್‌ನಾಯಕಿ ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾಳೆ. “ಹಗುರದ್ದು ಬೇಕಾದ್ರೆ ಎದುರು ಅಂಗಡೀಲಿ ಪ್ಲಾಸ್ಟಿಕ್ ಇದೆ, ಹೋಗಮ್ಮ” ಎನ್ನುತ್ತಾಳೆ. ಹಾಗಂದರೂ ಯಾರೂ ಹೋಗುವುದಿಲ್ಲ. ಐದು ಕೆ.ಜಿ.ಯ ದೀಪವನ್ನೇ ಹೊತ್ತುಕೊಂಡು, ಬೈಸಿಕೊಂಡ ಖುಷಿಯಲ್ಲಿ ಮೆಟ್ಟಿಲಿಳಿಯುತ್ತಾರೆ.

ಕುಂಭಕೋಣದ ದೊಡ್ಡ ಬೀದಿಯ ಈ ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ ಮತ್ತು ಕಂಚು ಅವಳ ವಿಭಾಗ. ಬಿಲ್ ಹಾಕುವ ಕಂಪ್ಯೂಟರು ನನ್ನದು. ಅವಳು ಬಂದು ಹತ್ತೊಂಬತ್ತು ವರ್ಷ, ನಾನು ಬಂದು ಇಪ್ಪತ್ತೆರಡು. ಅವಳ ಅಪ್ಪ ಪಕ್ಕದ ಊರು ನಾಚ್ಚಿಯಾರ್‌ಕೋಯಿಲ್‌ನಲ್ಲಿ ದೀಪ ಎರಕ ಹೊಯ್ಯುತ್ತಿದ್ದವರು. ಹುಡುಗಿಯಾಗಿದ್ದಾಗ ಹುಣಸೆಹಣ್ಣು ಹಚ್ಚಿ ದೀಪ ತಿಕ್ಕಿ ತಿಕ್ಕಿ ಅವಳ ಬೆರಳ ತುದಿಯ ಗೆರೆಗಳೇ ಸವೆದುಹೋಗಿವೆ. ರೇಷನ್ ಅಂಗಡಿಯವನ ಯಂತ್ರ ಈಗಲೂ ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಆದರೆ ಆ ಕೈಯಲ್ಲಿ ಬಿಂದಿಗೆ ಎತ್ತಿ “ಮೂರು ಕೆ.ಜಿ. ಎಂಟುನೂರು” ಎಂದಳೆಂದರೆ ತಕ್ಕಡಿ ನೂರು ಗ್ರಾಮಿನ ಆಚೆ ಈಚೆ ಹೋಗುವುದಿಲ್ಲ. ಗಂಡ ತೀರಿಕೊಂಡು ಎಂಟು ವರ್ಷವಾಯಿತು. ಮಗಳನ್ನು ಕೊಟ್ಟದ್ದು ಸೇಲಂಗೆ. ತೈಯಲ್‌ನಾಯಕಿಗೆ ಇರುವುದು ಈ ಕೆಲಸವೊಂದೇ, ಐವತ್ಮೂರು ದಾಟಿದ ಹೆಂಗಸಿಗೆ ಈ ಬೀದಿಯಲ್ಲಿ ಹೊಸದಾಗಿ ಕೆಲಸ ಕೊಡುವವರು ಯಾರೂ ಇಲ್ಲ.

ನಮ್ಮ ಯಜಮಾನ ಕದಿರೇಸನ್. ಅಂಗಡಿ ಕಟ್ಟಿದ್ದು ಅವನಪ್ಪ, ಅದರೊಳಗೆ ಬಂದು ಕೂತದ್ದು ಇವನು. ಕೆಟ್ಟವನೇನಲ್ಲ. ಕೆಟ್ಟವನಾಗಬೇಕಾದರೂ ಎದುರಿಗಿರುವವರ ಮೇಲೆ ಸ್ವಲ್ಪ ಗಮನ ಇರಬೇಕು, ಇವನಿಗೆ ಅದೂ ಇಲ್ಲ. ಅಂಗಡಿಗೆ ಬಂದರೆ ಫೋನು, ಕೂತರೆ ಫೋನು. ಪೊಂಗಲ್‌ಗೆ ತಿಂಗಳಿರುವಾಗ, ಮಾರ್ಗಳಿ ಮಾಸದ ಮೊದಲ ದಿನ, ಚೆನ್ನೈನ ಯಾವುದೋ ಕಂಪನಿಯವರಿಂದ ಹೊಸ ಬಿಲ್ಲಿಂಗ್ ತಂತ್ರಾಂಶ ತಂದು ಹಾಕಿಸಿದ. ಅದು ತಾನೇ ಲೆಕ್ಕ ಕೂಡಿ, ತಾನೇ ವರದಿ ಬರೆದು, ಅವನ ಫೋನಿಗೆ ಕಳಿಸುತ್ತದೆ. ಚೆನ್ನಾಗಿ ಓಡುವ ಸರಕಿಗೆ ಹಸಿರು ಬಣ್ಣ, ಓಡದ್ದಕ್ಕೆ ಕೆಂಪು. ಮೂವತ್ತೆಂಟು ವರ್ಷದ ಗಂಡಸು ಬಣ್ಣ ನೋಡಿ ವ್ಯಾಪಾರ ಮಾಡತೊಡಗಿದ.

ಈಗ ನನ್ನ ವಿಷಯ. ನಮ್ಮ ಊರಿನಲ್ಲಿ ಹಿತ್ತಾಳೆಯನ್ನು ಯಾರೂ ಬರಿಗೈಲಿ ಬಂದು ಕೊಳ್ಳುವುದಿಲ್ಲ. ಮದುವೆಯಾದ ಮಗಳಿಗೆ ಪೊಂಗಲ್ ಉಡುಗೊರೆಯಾಗಿ ಹೊಸ ಹಿತ್ತಾಳೆ ಮಡಕೆ ಕಳಿಸಬೇಕೆಂದರೆ ಅಟ್ಟದ ಮೇಲಿನ ಅಜ್ಜಿಕಾಲದ ಹಂಡೆ ಕೆಳಗಿಳಿಯುತ್ತದೆ. ಹಳೆಯದನ್ನು ತೂಗಿ ತೆಗೆದುಕೊಂಡು, ಹೊಸದನ್ನು ತೂಗಿ, ಹಳೆಯದರ ಬೆಲೆ ಕಳೆದು ಕೊಡುವುದು ಪದ್ಧತಿ. ಹಳೆಯ ಹಿತ್ತಾಳೆಯನ್ನು ವಾರಕ್ಕೊಮ್ಮೆ ಕರಗಿಸಲು ಕುಲುಮೆಗೆ ಕಳಿಸುತ್ತೇವೆ. ಹೊಸ ತಂತ್ರಾಂಶದಲ್ಲಿ ‘ಹಳೇ ಪಾತ್ರೆ’ ಎಂದು ನಮೂದಿಸಲು ಜಾಗವೇ ಇರಲಿಲ್ಲ. ಎದುರಿಗೆ ಇಪ್ಪತ್ತು ಜನ ಸಾಲು ನಿಂತಿದ್ದರು. ನಾನು ಏನು ಮಾಡಿದೆನೆಂದರೆ, ಮಾರಿದ ಸರಕನ್ನು ಗಿರಾಕಿ ವಾಪಸು ತಂದರೆ ಒತ್ತುವ ಗುಂಡಿ ಒಂದಿತ್ತಲ್ಲ, ಹಳೇ ಹಂಡೆಗೆಲ್ಲ ಅದನ್ನೇ ಒತ್ತಿದೆ. ಬಿಲ್ ಸರಿಬಂತು, ಜನ ಹೋದರು. ಒಂದು ತಿಂಗಳು ಹಾಗೆಯೇ ಒತ್ತಿದೆ. ಕುಲುಮೆಗೆ ಕಳಿಸಿದ್ದನ್ನು ಎಲ್ಲೂ ನಮೂದಿಸಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪೊಂಗಲ್ ಕಳೆದ ಸೋಮವಾರ ಬೆಳಗ್ಗೆ, ಇನ್ನೂ ಗಿರಾಕಿಗಳು ಬಾರದ ಹೊತ್ತು. ಕದಿರೇಸನ್ ಫೋನು ಹಿಡಿದುಕೊಂಡೇ ಹಿತ್ತಾಳೆ ವಿಭಾಗದ ಮುಂದೆ ಬಂದು ನಿಂತ.

“ಅಕ್ಕಾ, ಈ ತಿಂಗಳ ಕೊನೆಗೆ ಹಿತ್ತಾಳೆ ತೆಗೀತಿದ್ದೀನಿ. ಇರೋದನ್ನೆಲ್ಲ ಸಗಟಿಗೆ ಕೊಟ್ಬಿಡೋಣ. ಈ ಜಾಗದಲ್ಲಿ ನಾನ್‌ಸ್ಟಿಕ್ ತವಾ ಇಡ್ತೀನಿ. ನೀವೂ ತುಂಬಾ ವರ್ಷ ದುಡಿದ್ರಿ, ಇನ್ನು ಆರಾಮಾಗಿರಿ.”

ಅವಳು ಅವನನ್ನು ಕಾಲೇಜಿನ ಚೀಲ ಹೊತ್ತ ಹುಡುಗನಾಗಿ ನೋಡಿದವಳು, ಈಗಲೂ ತಂಬಿ, ಅಂದರೆ ತಮ್ಮ, ಎಂದೇ ಕರೆಯುತ್ತಾಳೆ. ಕಾಫಿ ಲೋಟ ಕೆಳಗಿಟ್ಟಳು.

“ಆರಾಮನ್ನ ಬೇಯಿಸಿಕೊಂಡು ತಿನ್ನೋಕಾಗುತ್ತಾ ತಂಬಿ? ಯಾಕೆ ತೆಗೀತಿದ್ದೀಯ, ಅದನ್ನ ಹೇಳು.”

“ವರದಿ ಬಂದಿದೆ. ಕೆಂಪಲ್ಲಿದೆ.”

“ಕೆಂಪಲ್ಲಿ ಏನಂತ ಬರೆದಿದೆ? ಓದು.”

“ಹಿತ್ತಾಳೆ, ಕಂಚು: ತಿಂಗಳ ಮಾರಾಟ ಒಂಬತ್ತು ಪಾಯಿಂಟ್ ನಾಲ್ಕು. ಸ್ಟೀಲ್ ಲೋಟ, ಚಮಚ: ಎರಡು ಸಾವಿರದ ಮುನ್ನೂರ ಎಂಬತ್ತು.”

“ಒಂಬತ್ತು ಏನು?”

“ಏನು ಅಂದ್ರೆ? ಒಂಬತ್ತು.”

“ಒಂಬತ್ತು ಬಿಂದಿಗೇನಾ, ಒಂಬತ್ತು ಕೆ.ಜಿ.ನಾ, ಒಂಬತ್ತು ಎಮ್ಮೇನಾ?”

ಅವನು ಫೋನನ್ನು ಹತ್ತಿರ ಹಿಡಿದ, ದೂರ ಹಿಡಿದ. ನನ್ನ ಕಡೆ ನೋಡಿದ. “ಕೆ.ಜಿ.” ಎಂದೆ.

“ಆ ಎರಡು ಸಾವಿರ?” ಎಂದಳು ಅವಳು.

“ಪೀಸು,” ಎಂದೆ.

“ಚಮಚ ಎಣಿಸಿದ್ದೀರಿ, ಬಿಂದಿಗೆ ತೂಗಿದ್ದೀರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಯಾವುದು ದೊಡ್ಡದು ಅಂತ ಕೇಳ್ತಿದ್ದೀರಿ. ಒಳ್ಳೇ ವ್ಯಾಪಾರ!”

ಕದಿರೇಸನ್‌ಗೆ ಸಿಟ್ಟು ಬಂತು. ಅವನಿಗೆ ಅರ್ಥವಾಗದಿದ್ದಾಗೆಲ್ಲ ಸಿಟ್ಟು ಬರುತ್ತದೆ, ಹಾಗಾಗಿ ದಿನವಿಡೀ ಬರುತ್ತಲೇ ಇರುತ್ತದೆ.

“ಸರಿ, ಕೆ.ಜಿ. ಅಂತಾನೇ ಇಟ್ಕೊಳ್ಳಿ. ತಿಂಗಳಿಗೆ ಒಂಬತ್ತು ಕೆ.ಜಿ. ಮಾರಿ ಇಷ್ಟು ಜಾಗ ಹಿಡ್ಕೊಂಡಿರೋದು ಸರೀನಾ ಅಕ್ಕಾ?”

“ಪೊಂಗಲ್ ಹಿಂದಿನ ದಿನ ನಿಂಗೆ ಒಳಗೆ ಬರೋಕೆ ದಾರಿ ಸಿಕ್ಕಿತ್ತಾ?”

“ಜನ ಇದ್ರು.”

“ಯಾಕಿದ್ರು? ನಿನ್ನ ಮುಖ ನೋಡೋಕಾ?”

“ಜನ ಬರ್ತಾರೆ, ಮುಟ್ಟಿ ನೋಡ್ತಾರೆ, ಹೋಗ್ತಾರೆ. ನೀವು ಹೇಳೋದು ಅನಿಸಿಕೆ. ಇದು ಅಂಕಿ.”

ಈ ಮಾತು ಆ ಕಂಪನಿಯವರು ಕಲಿಸಿಕೊಟ್ಟದ್ದು. ಇವನ ಸ್ವಂತ ಮಾತು ಅಷ್ಟು ನೆಟ್ಟಗೆ ಬರುವುದಿಲ್ಲ.

“ಆಯ್ತು, ಅಂಕಿಯನ್ನೇ ಕೇಳೋಣ,” ಎಂದಳು. “ಇವತ್ತು ಅಂಗಡೀಲಿ ಎಷ್ಟು ಹಿತ್ತಾಳೆ ಇದೆ ಅನ್ನುತ್ತೆ ನಿನ್ನ ವರದಿ?”

“ನಾನೂರ ಹನ್ನೆರಡು ಕೆ.ಜಿ. ನೋಡಿ, ಎಷ್ಟು ರಾಶಿ ಬಿದ್ದಿದೆ!”

“ತಲೆ ಎತ್ತು.”

“ಹಾಂ?”

“ತಲೆ ಎತ್ತಿ ನೋಡು ಅಂದೆ.”

ಅವನು ತಲೆ ಎತ್ತಿದ. ಅವಳ ಹಿಂದಿನ ಕಪಾಟಿನಲ್ಲಿ ಮೇಲಿನ ಎರಡು ಸಾಲು ಪೂರ್ತಿ ಖಾಲಿ ಇದ್ದವು. ಹಬ್ಬದ ಹಿಂದಿನ ದಿನದಿಂದಲೂ ಖಾಲಿಯೇ ಇದ್ದವು. ಅವನು ನಿಂತಿದ್ದ ಜಾಗದಿಂದ ಆರು ಅಡಿ ದೂರ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಇವನಿಗೆ ಕನ್ನಡಿಯೂ ಫೋನಿನಲ್ಲೇ ಬರಬೇಕಿತ್ತು.

“ತೂಗೋಣ,” ಎಂದಳು.

ನೆಲದ ತಕ್ಕಡಿ ಎಳೆದು ತಂದೆವು. ದೀಪ, ಬಿಂದಿಗೆ, ಮಡಕೆ, ಗಂಟೆ, ಒಂದನ್ನೂ ಬಿಡದೆ ಇಟ್ಟೆವು. ಅವಳು ಎತ್ತಿ ಕೊಟ್ಟಳು, ನಾನು ಬರೆದೆ, ಯಜಮಾನ ನಿಂತು ನೋಡಿದ. ಒಟ್ಟು ಇನ್ನೂರ ಮೂವತ್ತೈದು ಕೆ.ಜಿ. ನಾನೂರು ಗ್ರಾಮು.

“ನೂರ ಎಪ್ಪತ್ತಾರು ಕೆ.ಜಿ. ಆರುನೂರು ಗ್ರಾಮು ಕಮ್ಮಿ,” ಎಂದ ಕದಿರೇಸನ್. ಕಳೆಯುವುದಕ್ಕೂ ಫೋನನ್ನೇ ಒತ್ತಿದ್ದ. ಆಮೇಲೆ ನಿಧಾನವಾಗಿ ತಲೆ ಎತ್ತಿ ಅವಳನ್ನು ನೋಡಿದ. ಹತ್ತೊಂಬತ್ತು ವರ್ಷ ಬೀಗದ ಕೈ ಇಟ್ಟುಕೊಂಡವಳನ್ನು ಕಳ್ಳಿಯನ್ನು ನೋಡಿದಂತೆ ನೋಡಿದ. ವರದಿ ತಪ್ಪಾಗಿರಬಹುದು ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ, ಮನುಷ್ಯರು ತಪ್ಪು ಮಾಡಿರಬಹುದು ಅನ್ನುವುದು ಮಾತ್ರ ತಕ್ಷಣ ಹೊಳೆಯಿತು.

ಆ ನೂರ ಎಪ್ಪತ್ತಾರು ಚಿಲ್ಲರೆ ಕೆ.ಜಿ. ಎಲ್ಲಿ ಹೋಯಿತೆಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ನನ್ನ ಬೆರಳಿಗೆ ಗೊತ್ತಾಯಿತು. ನಿವೃತ್ತಿಗೆ ಇನ್ನೆರಡು ವರ್ಷ, ಸುಮ್ಮನೆ ಯಾಕೆ ಬಾಯಿ ಬಿಡಲಿ ಎಂದು ತಕ್ಕಡಿಯ ಧೂಳು ಒರೆಸುತ್ತ ನಿಂತೆ.

ತೈಯಲ್‌ನಾಯಕಿ ಅವನ ನೋಟವನ್ನು ಅರಗಿಸಿಕೊಂಡಳು. ದನಿ ಏರಿಸಲಿಲ್ಲ.

“ಹಬ್ಬದ ಹಿಂದಿನ ದಿನದ ಬಿಲ್ ಪ್ರತಿ ತೆಗೀರಿ ಸೋಮಣ್ಣ. ಯಾವುದಾದ್ರೂ ಒಂದು.”

ಕೈಗೆ ಬಂದದ್ದನ್ನು ಕೊಟ್ಟೆ. ಅವಳು ಸೆರಗಿನ ಗಂಟಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು.

“ಪೊಂಗಲ್ ಮಡಕೆ, ನಾಲ್ಕು ಕೆ.ಜಿ. ಇನ್ನೂರು. ಸರಿ. ಕೆಳಗೆ ಏನಿದು? ಹಿತ್ತಾಳೆ ವಾಪಸು, ಮೂರು ಒಂಬೈನೂರು. ತಂಬಿ, ಮಡಕೆ ಕೊಂಡವಳು ಅದೇ ಬಿಲ್ಲಲ್ಲಿ, ಅದೇ ನಿಮಿಷದಲ್ಲಿ, ವಾಪಸು ಯಾಕೆ ಕೊಟ್ಟಳು?”

ಕದಿರೇಸನ್ ಬಗ್ಗಿ ನೋಡಿದ. ಅವಳು ಇನ್ನೊಂದು ಬಿಲ್ ತೆಗೆದಳು, ಮತ್ತೊಂದು ತೆಗೆದಳು. ಎಲ್ಲದರಲ್ಲೂ ಒಂದು ಮಾರಾಟ, ಕೆಳಗೊಂದು ವಾಪಸು.

“ಹಳೇ ಪಾತ್ರೆ,” ಎಂದಳು. “ಹಳೇದನ್ನ ಹೊಸದರಿಂದ ಕಳೆದು, ಮಿಕ್ಕಿದ್ದನ್ನ ಮಾರಾಟ ಅಂತ ಬರೆದಿದೆ. ಮೇಲಿಂದ ಆ ಹಳೇದನ್ನೂ ಕಪಾಟಿಗೆ ಸೇರಿಸಿದೆ. ಅದು ಕುಲುಮೆಗೆ ಹೋಗಿ ಕರಗೋಗಿದೆ, ನಿನ್ನ ಫೋನಲ್ಲಿ ಮಾತ್ರ ಇನ್ನೂ ಹೊಳೀತಿದೆ.”

ಇಡೀ ತಿಂಗಳ ಬಿಲ್ಲು ಕೂಡಿದೆವು. ಮಾರಿದ್ದು ನೂರ ಎಂಬತ್ತಾರು ಕೆ.ಜಿ. ‘ವಾಪಸು’ ನೂರ ಎಪ್ಪತ್ತಾರು ಕೆ.ಜಿ. ಆರುನೂರು ಗ್ರಾಮು. ಕಪಾಟಿನಲ್ಲಿ ಕಮ್ಮಿಯಾದದ್ದೂ ಅಷ್ಟೇ, ಗ್ರಾಮು ಸಮೇತ.

“ಹಂಗಾದ್ರೆ ಈ ವರದಿ ಸುಳ್ಳಾ ಅಕ್ಕಾ?”

“ಕೂಡೋದು ಕಳೆಯೋದು ಸರಿಯಾಗೇ ಮಾಡಿದೆ. ಕೊಟ್ಟಿದ್ದೇ ತಪ್ಪಾದ್ರೆ ಅದೇನು ಮಾಡುತ್ತೆ?”

“ಇನ್ಮೇಲೆ ನೋಡೋದೇ ಬೇಡ್ವಾ?”

“ಯಾಕೆ ಬೇಡ? ಚಮಚದ ಲೆಕ್ಕ ನಂಬು. ಅದನ್ನ ಯಾರೂ ಹಳೇದು ಕೊಟ್ಟು ತಗೊಳ್ಳಲ್ಲ, ಡಬ್ಬ ಖಾಲಿ ಆಗಿರೋದೂ ಕಾಣ್ತಿದೆ. ಬೇರೇದಕ್ಕೆ ನಂಬೋ ಮುಂಚೆ ಕೇಳು: ಏನನ್ನ ಎಣಿಸಿದೆ, ಏನನ್ನ ಕಳೆದಿದೆ, ಯಾವ ದಿನದ್ದು, ಯಾರು ಬರೆದಿದ್ದು. ಆಮೇಲೆ ಒಂದು ಕಪಾಟು ನೀನೇ ತೂಗು. ಎರಡೂ ಸೇರಿದ್ರೆ ನಂಬು. ಸೇರದಿದ್ರೆ ಮನುಷ್ಯರ ಮುಖ ನೋಡೋ ಮುಂಚೆ ಬಿಲ್ಲು ನೋಡು.”

ಆ ಕೊನೆಯ ಮಾತು ಅವನಿಗೆ ತಾಗಬೇಕಿತ್ತು. ತಾಗಲಿಲ್ಲ. “ಸರಿ, ಹಿತ್ತಾಳೆ ಇರ್ಲಿ ಬಿಡಿ” ಎಂದ, ಭಿಕ್ಷೆ ಹಾಕುವವನಂತೆ. ತಪ್ಪಾಯಿತು ಎನ್ನಲಿಲ್ಲ. ಚೆನ್ನೈನ ಕಂಪನಿಯವರಿಗೆ ಬೈಯಲು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಯಾರು ಬರೆದಿದ್ದು ಎಂದು ಕೇಳು ಎಂದು ಅವಳು ಹೇಳಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ, ಅದನ್ನೂ ಕೇಳಲಿಲ್ಲ. ದಡ್ಡತನದಿಂದ ಅವನಿಗೆ ಎಷ್ಟು ನಷ್ಟವೋ ಅಷ್ಟೇ ನನಗೆ ಲಾಭವಾಯಿತು.

ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಅವಳು ಒಂದೊಂದೇ ಬಿಂದಿಗೆಯನ್ನು ಕಪಾಟಿಗೆ ಏರಿಸುತ್ತಿದ್ದಳು. ನಾನು ಕೈಜೋಡಿಸಲು ಹೋದೆ.

“ಇರ್ಲಿ ಬಿಡಿ,” ಎಂದಳು.

“ತೈಯಲಮ್ಮಾ, ಆ ಯಂತ್ರದಲ್ಲಿ ಹಳೇದಕ್ಕೆ ಜಾಗಾನೇ ಇರ್ಲಿಲ್ಲ. ನಾನೇನು ಮಾಡ್ಲಿ? ಜನ ಸಾಲು ನಿಂತಿದ್ರು.”

“ಗುಂಡಿ ಒತ್ತಿದ್ದಕ್ಕೆ ನಾನೇನೂ ಅನ್ನಲ್ಲ. ನಾನಾಗಿದ್ರೂ ಅದನ್ನೇ ಒತ್ತುತ್ತಿದ್ದೆ.” ಬಿಂದಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು. “ಅವನು ನನ್ನ ಕಳ್ಳಿ ಅಂತ ನೋಡಿದನಲ್ಲ, ಆಗ ಯಂತ್ರ ಸುಮ್ನಿತ್ತು. ಅದಕ್ಕೆ ಬಾಯಿಲ್ಲ. ನಿಮಗಿತ್ತಲ್ಲ?”

ನಾನು ನನ್ನ ಕಂಪ್ಯೂಟರಿನ ಮುಂದೆ ಹೋಗಿ ಕೂತೆ. ಹಿತ್ತಾಳೆ ಉಳಿಯಿತು, ಅವಳ ಕೆಲಸವೂ ಉಳಿಯಿತು. ಆವತ್ತಿನಿಂದ ಅವಳು ನನ್ನನ್ನು ಸೋಮಣ್ಣ ಎಂದಿಲ್ಲ. ಬಿಲ್ಲಿಂಗ್ ಸಾರ್ ಎನ್ನುತ್ತಾಳೆ.