ಭಾಷೆ ಎಷ್ಟು ಬರುತ್ತೆ ಎಂದು ಕೇಳಿದಾಗ

ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ವಿಮಾ ಕಚೇರಿಯಲ್ಲಿ ಗ್ರಾಹಕರ ದೂರು ಕೇಳುತ್ತಿದ್ದವಳು, ಗಂಡ ಹಾಸಿಗೆ ಹಿಡಿದಾಗ ಆ ಕೆಲಸ ಬಿಟ್ಟು, ಚಿಕಿತ್ಸೆಗೆಂದು ಅಣ್ಣನಿದ್ದ, ಬೇರೆ ಭಾಷೆಯ ಈ ಊರಿಗೆ ಬಂದಿದ್ದಳು. ಈಗ ಮತ್ತೆ ದುಡಿಯದೆ ಗತಿಯಿರಲಿಲ್ಲ.

ಒಂದು ಬೆಳಿಗ್ಗೆ ನೇಮಕಾತಿ ಏಜೆನ್ಸಿಯಿಂದ ಫೋನ್ ಬಂತು. ರೋಗಿಗಳ ಮನೆಗೆ ನರ್ಸ್‌ಗಳನ್ನು ಕಳುಹಿಸುವ ಸಂಸ್ಥೆಯೊಂದಕ್ಕೆ ಸಂಯೋಜಕಿ ಬೇಕಾಗಿದ್ದಳು. ಮನೆಯವರ ಜೊತೆ ದಿನವಿಡೀ ಮಾತಾಡುವ ಕೆಲಸ.

"ಒಂದು ವಿಷಯ ಕೇಳ್ಲಾ ಮೇಡಂ?" ಎಂದಳು ಇವಳು. "ಆ ಮನೆಯವ್ರೆಲ್ಲ ಹೆಚ್ಚಾಗಿ ಇಲ್ಲಿನ ಭಾಷೇಲೇ ಮಾತಾಡ್ತಾರಾ? ಮಾತಾಡೋಕೆ ಬಂದ್ರೆ ಸಾಕಾ, ಬರೆಯೋಕೂ ಬರ್ಬೇಕಾ?"

"ಜಾಹೀರಾತಲ್ಲಿ ಏನೂ ಹಾಕಿಲ್ಲ, ವಿಚಾರಿಸಿ ಹೇಳ್ತೀನಿ. ನಿಮಗೆ ಎಷ್ಟು ಬರುತ್ತೆ?"

ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತಿಗೆ, 'ಚೆನ್ನಾಗಿ ಬರುತ್ತೆ ಅನ್ನು' ಎಂದು ಕಣ್ಣಲ್ಲೇ ಹೇಳಿದಳು.

"ನಮ್ಮ ಮನೆ ಮಾತು, ಇಂಗ್ಲಿಷು, ಎರಡರಲ್ಲೂ ಮಾತು, ಬರವಣಿಗೆ ಎಲ್ಲ ಸಲೀಸು. ಎಂಥ ಸಿಟ್ಟಿನ ಗ್ರಾಹಕರನ್ನೂ ಸಮಾಧಾನ ಮಾಡಿದೀನಿ. ಇಲ್ಲಿನ ಭಾಷೇಲಿ ವಿಳಾಸ, ಸಮಯ, ಸಣ್ಣಪುಟ್ಟ ದೂರು ನಿಭಾಯಿಸ್ತೀನಿ. ನಿಧಾನಕ್ಕೆ ಓದ್ತೀನಿ. ಆದ್ರೆ ಕಾಯಿಲೆ ವಿಷಯ ಬಿಡಿಸಿ ಹೇಳೋವಷ್ಟು ಬರಲ್ಲ. ಕಲೀತಿದೀನಿ."

ಫೋನ್ ಇಟ್ಟದ್ದೇ ತಡ, ಅತ್ತಿಗೆ ರೇಗಿದಳು. "ನಿನ್ನ ಬಾಯಿಗೆ ಬೀಗ ಇಲ್ವಾ? ಸೇರ್ಕೊಂಡ ಮೇಲೆ ನಾಲಿಗೆ ತಾನಾಗೇ ತಿರುಗ್ತಿತ್ತು!"

"ಅವತ್ತು ಆಸ್ಪತ್ರೇಲಿ ಡಾಕ್ಟ್ರು ಇಲ್ಲಿನ ಭಾಷೇಲಿ ಹೇಳಿದ್ದು ನಂಗೆ ಅರ್ಧಾನೂ ತಿಳೀಲಿಲ್ಲ ಅತ್ತಿಗೆ. ಸುಮ್ನೆ ತಲೆ ಆಡಿಸ್ದೆ. ಗುಣ ಆಗ್ತಾರೆ ಅಂದ್ರು ಅಂದ್ಕೊಂಡೆ. ಸಂಜೆ ಇವ್ರು ಏನೋ ಹೇಳೋಕೆ ಬಂದ್ರೆ, ನಾಳೆ ಹೇಳಿ, ಈಗ ಮಲಗಿ ಅಂತ ಗದರಿಸ್ದೆ."

ಆ ನಾಳೆ ಬರಲಿಲ್ಲವೆಂದು ಅತ್ತಿಗೆಗೆ ಗೊತ್ತಿತ್ತು. ಕೈಯಲ್ಲಿದ್ದ ಅಂಗಿಯನ್ನು ಮಡಿಸದೆ ತೊಡೆಯ ಮೇಲಿಟ್ಟುಕೊಂಡು ಕೂತಳು.

ಏಜೆನ್ಸಿಯವಳು ಮತ್ತೆ ಫೋನ್ ಮಾಡಿದಾಗ ದನಿ ಮೆತ್ತಗಾಗಿತ್ತು. "ವಿಚಾರಿಸ್ದೆ. ರೋಗಿ ಸ್ಥಿತಿ ಬಿಗಡಾಯಿಸಿದಾಗ ಮನೆಯವ್ರಿಗೆ ಹೇಳೋದು, ವರದಿ ಬರೆಯೋದು, ಎಲ್ಲ ಇಲ್ಲಿನ ಭಾಷೇಲೇ ಅಂತೆ. ಪೂರ್ತಿ ಬರ್ಲೇಬೇಕಂತೆ. ನಿಮ್ಮ ಭಾಷೆ ಆಡೋ ಮನೆಗಳೂ ಇವೆ, ಆದ್ರೆ ಬೆರಳೆಣಿಕೆ. ಅದಕ್ಕೇಂತ ಬೇರೆ ಆಳು ಇಟ್ಕೊಳಲ್ವಂತೆ."

"ಮನೆಯವ್ರ ಜೊತೆ ಮಾತಿಲ್ಲದ ಕೆಲಸ ಇದ್ಯಾ ಅಲ್ಲಿ?"

ಇತ್ತು. ಯಾವ ನರ್ಸ್ ಯಾವ ಮನೆಗೆ ಹೋಗಬೇಕೆಂದು ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ಹಾಕುವುದು. ಸಂಬಳ ಕಡಿಮೆ, ಕಿಟಕಿಯಿಲ್ಲದ ಕೋಣೆ. ಬೇರೆ ಮನೆ ಮಾಡುವ ಯೋಚನೆಯನ್ನು ಬಿಟ್ಟು ಒಪ್ಪಿಕೊಂಡಳು. "ಭಾಷೆ ಬರಲ್ಲ ಅಂತ ಬಾಯ್ಬಿಟ್ಟು ಕೆಟ್ಲು" ಎಂದು ಅಣ್ಣ ಗೊಣಗಿದರೆ, "ನಿಮಗೇನು ಗೊತ್ತು, ಸುಮ್ನಿರಿ" ಎಂದು ಅತ್ತಿಗೆಯೇ ಅವನ ಬಾಯಿ ಮುಚ್ಚಿಸಿದಳು.

ರೋಗಿ ತೀರಿಕೊಂಡರೆ ಆ ಮನೆಯ ನರ್ಸನ್ನು ಇನ್ನೊಂದು ಮನೆಗೆ ಹಾಕುವುದೂ ಅವಳದೇ ಕೆಲಸ. ಸೇರಿದ ವಾರವೇ ಹಾಗಾಯಿತು. ಕೋಣೆಯ ಗಾಜಿನ ಬಾಗಿಲಾಚೆ ಹೊಸ ಸಂಯೋಜಕಿ ಫೋನಿನಲ್ಲಿ ಆ ಮನೆಯವರಿಗೆ ಇಲ್ಲಿನ ಭಾಷೆಯಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಇವಳು ಆ ವಿಳಾಸ ಅಳಿಸಿ, ಮುಂದಿನದನ್ನು ಟೈಪ್ ಮಾಡಿದಳು.