ಟ್ಯಾಲಿ ಮೇಷ್ಟ್ರ ಪಾಕೆಟ್ ಮನಿ

ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ಚಿಲ್ಲರೆ ವರ್ಷ ಕೂತು ನಿವೃತ್ತರಾದ ಕ್ಯಾಷಿಯರ್‌ಗೆ ಬಡಾವಣೆಯ ಶಾಲೆಯಲ್ಲಿ ಶನಿವಾರದ ಒಂದು ಪೀರಿಯಡ್ ಸಿಕ್ಕಿತು. ಒಂಬತ್ತನೇ ತರಗತಿಗೆ ‘ನಮ್ಮ ಹಣ, ನಮ್ಮ ಹೊಣೆ’ ಎಂಬ ಪಾಠ. ಸಂಬಳವಿಲ್ಲ, ಗೌರವ ಮಾತ್ರ. ಅದನ್ನು ಖರ್ಚು ಮಾಡುವುದು ಹೇಗೆಂದು ಯಾವ ಪಾಠದಲ್ಲೂ ಇಲ್ಲ.

ಪಾಠವನ್ನೇನೋ ಚೆನ್ನಾಗಿಯೇ ಮಾಡುತ್ತಿದ್ದರು. ಮೊದಲ ವಾರ ಯಾರೂ ಏನೂ ಕಡಿತ ಮಾಡಬೇಕಾಗಿಲ್ಲ, ಖರ್ಚು ಮಾಡಿದ್ದನ್ನು ಅವತ್ತವತ್ತೇ ಬರೆದರೆ ಸಾಕು ಎಂದರು. ಆಮೇಲೆ ಬರೆದದ್ದನ್ನು ಎರಡು ಪಾಲು ಮಾಡಿಸಿದರು: ಇಲ್ಲದಿದ್ದರೆ ನಡೆಯದ ಅಗತ್ಯ, ಇಲ್ಲದಿದ್ದರೂ ನಡೆಯುವ ಆಸೆ. ತಿಂಗಳ ಮೊದಲ ದಿನವೇ ಉಳಿತಾಯವನ್ನು ಎತ್ತಿಟ್ಟು, ಮಿಕ್ಕಿದ್ದರಲ್ಲಿ ಬಜೆಟ್ ಹಾಕಬೇಕು. “ಉಳಿದರೆ ಉಳಿಸ್ತೀನಿ ಅನ್ನೋವ್ನಿಗೆ ಯಾವತ್ತೂ ಉಳಿಯಲ್ಲ ಕಣ್ರೋ” ಎಂದರು. ಹಿಂದಿನ ಬೆಂಚಿನವನೊಬ್ಬ, “ಸರ್, ನಮ್ಮನೇಲಿ ಉಳಿತಾಯ ಅಂದ್ರೆ ತಾಯಿ ಹತ್ರ ಉಳಿಯೋದು” ಎಂದ. ತರಗತಿ ನಕ್ಕಿತು. ಕ್ಯಾಷಿಯರ್ ನಗಲಿಲ್ಲ. ಅವರ ಮನೆಯಲ್ಲೂ ಉಳಿತಾಯದ ಅರ್ಥ ಹೆಚ್ಚುಕಡಿಮೆ ಅದೇ ಆಗಿತ್ತು.

ಎಲ್ಲ ಸರಿಯಿದ್ದ ಈ ಪಾಠಕ್ಕೆ ಅವರು ಕೌಂಟರಿನಿಂದ ಒಂದು ಕಾಯಿಲೆ ತಂದಿದ್ದರು. ಬ್ಯಾಂಕಿನಲ್ಲಿ ಸಂಜೆ ಪುಸ್ತಕಕ್ಕೂ ಪೆಟ್ಟಿಗೆಗೂ ತಾಳೆಯಾಗದೆ ಕ್ಯಾಷಿಯರ್ ಮನೆಗೆ ಹೋಗುವಂತಿಲ್ಲ. ಕಮ್ಮಿ ಬಂದರೆ ಸ್ವಂತ ಜೇಬಿನಿಂದ ತುಂಬಬೇಕು. ಹಾಗಾಗಿ ಅವರು ನಿಯಮ ಮಾಡಿದರು: ತಿಂಗಳ ಕೊನೆಗೆ ಲೆಕ್ಕ ಪೈಸೆಗೆ ಪೈಸೆ ಟ್ಯಾಲಿ ಆಗಬೇಕು. ಆದವರಿಗೆ ಪ್ರಮಾಣಪತ್ರ, ಆಗದವರಿಗೆ ಇಲ್ಲ. ಅಲ್ಲಿಂದ ಅವರ ಹೆಸರು ಟ್ಯಾಲಿ ಮೇಷ್ಟ್ರು ಎಂದೇ ಆಯಿತು.

ತಿಂಗಳು ಮುಗಿಯಿತು. ಮೇಷ್ಟ್ರ ಮೇಜಿನ ಮೇಲೆ ಪುಸ್ತಕಗಳು ಬಂದು ಬಿದ್ದವು. ಎಲ್ಲವೂ ಟ್ಯಾಲಿ! ಒಬ್ಬಳದ್ದು ಬಿಟ್ಟು. ಕಿಟಕಿ ಪಕ್ಕ ಕೂರುವ, ದಪ್ಪ ಕನ್ನಡಕದ ಹುಡುಗಿ ಅವಳು. ಕೈಗೆ ಬಂದದ್ದು ಆರುನೂರು, ಮೊದಲೇ ಎತ್ತಿಟ್ಟದ್ದು ನೂರೈವತ್ತು, ಬರೆದಿಟ್ಟ ಖರ್ಚು ಮುನ್ನೂರ ಎಂಬತ್ತೈದು. ಅರವತ್ತೈದು ಇರಬೇಕು. ಅವಳ ಪರ್ಸಿನಲ್ಲಿದ್ದದ್ದು ಇಪ್ಪತ್ತೈದು. ಕೆಳಗೆ ಅವಳೇ ಬರೆದಿದ್ದಳು: ‘ನಲವತ್ತು ಎಲ್ಲಿ ಹೋಯಿತೋ ಗೊತ್ತಿಲ್ಲ.’

“ಗೊತ್ತಿಲ್ಲ ಅಂದ್ರೆ ಏನಮ್ಮ? ದುಡ್ಡಿಗೆ ಕಾಲಿದ್ಯಾ?”

“ಇದ್ದ ಹಾಗಿದೆ ಸರ್.”

“ಇದಕ್ಕೆ ಪ್ರಮಾಣಪತ್ರ ಕೊಡಕ್ಕಾಗಲ್ಲ.”

ಹುಡುಗಿಯ ಮುಖ ಸಣ್ಣದಾಯಿತು. “ಸರ್, ಅದು ತಂದ್ರೇನೇ ಮುಂದೂ ತಿಂಗಳಿಗೊಂದ್ಸಲ ದುಡ್ಡು ಕೈಗೆ ಕೊಡ್ತೀನಿ ಅಂದಿದಾಳೆ ಅಮ್ಮ. ಇಲ್ಲಾಂದ್ರೆ ಮತ್ತೆ ದಿನಾ ಕೈಚಾಚಬೇಕು. ಒಂದು ಪೆನ್ನಿಗೂ ‘ಯಾಕೆ, ಹಳೇದು ಏನಾಯ್ತು’ ಅಂತ ವಿಚಾರಣೆ ನಡೆಯುತ್ತೆ.”

“ಮುಂದಿನ ಶನಿವಾರದೊಳಗೆ ಸರಿ ಮಾಡ್ಕೊಂಡು ಬಾ” ಎಂದರು ಮೇಷ್ಟ್ರು.

“ಇವ್ರೆಲ್ಲ ಹೆಂಗೆ ಸರಿ ಮಾಡಿದ್ರೋ ಹಂಗಾ ಸರ್?” ಎಂದು ಕೇಳಿದಳು ಹುಡುಗಿ. ಮೇಷ್ಟ್ರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ.

ಸಂಜೆ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಮೇಷ್ಟ್ರು ಹೆಮ್ಮೆಯಿಂದ ಕೂತಿದ್ದರು. ಹೆಂಡತಿ ಒಂದೆರಡನ್ನು ತಿರುವಿ ಹಾಕಿದರು. ಈ ಮನೆಯಲ್ಲಿ ಪಿಂಚಣಿ ನೇರವಾಗಿ ಹೆಂಡತಿಯ ಕೈ ಸೇರುತ್ತದೆ. ಮೇಷ್ಟ್ರಿಗೆ ತಿಂಗಳಿಗಿಷ್ಟು ಎಂದು ಪಾಕೆಟ್ ಮನಿ. ಅದಕ್ಕೆ ಅವರು ತಿಂಗಳ ಕೊನೆಗೆ ಲೆಕ್ಕ ಒಪ್ಪಿಸಬೇಕು.

“ರೀ, ಇವೆಲ್ಲ ನಿಮ್ಮ ಪುಸ್ತಕದ ಹಾಗೇ ಇವೆಯಲ್ಲ!”

“ನನ್ನ ಶಿಷ್ಯರಲ್ವೇನೇ?”

“ಅದೇ ಹೇಳಿದ್ದು. ಒಂದೇ ಪೆನ್ನು, ಒಂದೇ ಬರವಣಿಗೆ, ಒಂದೇ ಸಲ ಕೂತು ಬರೆದಿದ್ದು. ದಿನಾ ಬರೆದಿದ್ರೆ ಒಂದಿನ ನೀಲಿ, ಒಂದಿನ ಪೆನ್ಸಿಲ್ಲು, ಒಂದು ಕಡೆ ಎಣ್ಣೆ ಕಲೆ ಇರ್ತಿರಲಿಲ್ವಾ? ಎಲ್ಲಾ ಹತ್ತು, ಇಪ್ಪತ್ತು ಅಂತ ದುಂಡು ಮೊತ್ತ. ಕೊನೇಲಿ ಕಮ್ಮಿ ಬಿದ್ದಿದ್ದಕ್ಕೆ ‘ಇತರೆ’. ನಿಮ್ದೂ ಹಾಗೇ ಅಲ್ವಾ, ‘ಇತರೆ ನೂರೆಪ್ಪತ್ತು’? ನಾನೇನು ಅದನ್ನ ಲೆಕ್ಕ ಅಂತ ಓದ್ತೀನಾ? ಕಥೆ ಅಂತ ಓದ್ತೀನಿ.”

ಮೇಷ್ಟ್ರ ‘ಇತರೆ’ ಎಂದರೆ ಬೇಕರಿಯ ಕ್ರೀಮ್ ಬನ್. ಡಾಕ್ಟರು ಸಕ್ಕರೆ ಮುಟ್ಟಬೇಡಿ ಎಂದ ದಿನದಿಂದ ಬನ್ನಿಗೆ ಆ ಹೆಸರು ಬಂದಿತ್ತು. ಟ್ಯಾಲಿಯಾದ ಇಡೀ ರಾಶಿಯನ್ನು ಒಂದು ಕಡೆ ಸರಿಸಿ, ಕನ್ನಡಕದ ಹುಡುಗಿಯ ಪುಸ್ತಕವನ್ನು ಮತ್ತೆ ತೆರೆದರು. ನೀಲಿ, ಕಪ್ಪು, ಪೆನ್ಸಿಲ್. ‘ರಬ್ಬರ್ ಏಳು’, ‘ಬಸ್ ಹದಿಮೂರು’. ಒಂದು ಪುಟಕ್ಕೆ ಸಾರಿನ ಕಲೆಯೂ ಇತ್ತು.

ಮುಂದಿನ ಶನಿವಾರ ಅವರು ತರಗತಿಗೆ ಬಂದವರೇ, “ಇವತ್ತು ತಪಾಸಣೆ” ಎಂದರು. “ಬ್ಯಾಂಕಿಗೆ ಇನ್‌ಸ್ಪೆಕ್ಟರ್ ಹೇಳದೆ ಕೇಳದೆ ಬಂದು ಪೆಟ್ಟಿಗೆ ಎಣಿಸ್ತಾರೆ. ಕಳೆದ ವಾರದಿಂದ ಇವತ್ತಿನವರೆಗೂ ಬರೆದು, ಪುಸ್ತಕದ ಪ್ರಕಾರ ನಿಮ್ಮ ಹತ್ರ ಎಷ್ಟಿರಬೇಕೋ ಅಷ್ಟನ್ನ ಬೆಂಚಿನ ಮೇಲಿಡಿ.”

ಕೊಠಡಿಯಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ಮರೆವು ಬಂತು. “ಸರ್, ಪರ್ಸ್ ಮನೇಲಿದೆ.” “ಸರ್, ಅಣ್ಣ ತಗೊಂಡ.” ಹಿಂದಿನ ಬೆಂಚಿನವನ ಪುಸ್ತಕದಲ್ಲಿ ನೂರಹತ್ತು, ಬೆಂಚಿನ ಮೇಲೆ ಎರಡು ನಾಣ್ಯ. “ಉಳಿದದ್ದು ಎಲ್ಲಪ್ಪಾ?” “ಇತರೆ ಸರ್.” ಹುಡುಗಿಯ ಪುಸ್ತಕಕ್ಕೂ ಪರ್ಸಿಗೂ ಹಳೆಯ ನಲವತ್ತರಷ್ಟೇ ಅಂತರ, ಆ ವಾರ ಒಂದು ರೂಪಾಯಿಯೂ ಮತ್ತೆ ಕಳೆದಿರಲಿಲ್ಲ.

“ಸರ್, ನಿಮ್ದು?” ಎಂದಳು ಅವಳು.

ಎಲ್ಲರೂ ಕತ್ತೆತ್ತಿದರು. ಇನ್‌ಸ್ಪೆಕ್ಟರಿಗೇ ಇನ್‌ಸ್ಪೆಕ್ಷನ್! ಮೇಷ್ಟ್ರು ಕೆಮ್ಮಿ, ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ‘ಇತರೆ’ ಎಂಬುದನ್ನು ಹೊಡೆದುಹಾಕಿ, ದೊಡ್ಡ ಅಕ್ಷರದಲ್ಲಿ ‘ಕ್ರೀಮ್ ಬನ್, ನೂರೆಪ್ಪತ್ತು’ ಎಂದು ಬರೆದರು. ಇಡೀ ಕೊಠಡಿ ಚಪ್ಪಾಳೆ ಹೊಡೆಯಿತು.

“ನನ್ನ ನಿಯಮ ತಪ್ಪಿತ್ತು ಕಣ್ರೋ. ಬ್ಯಾಂಕಿನ ದುಡ್ಡು ಪರರದ್ದು, ಅದಕ್ಕೆ ತಾಳೆ. ನಿಮ್ಮ ದುಡ್ಡು ನಿಮ್ಮದು, ಅದು ಎಲ್ಲಿ ಹೋಗುತ್ತೆ ಅಂತ ತಿಳಿಯೋಕೆ ಈ ಪುಸ್ತಕ. ಕಮ್ಮಿ ಬಂದ್ರೆ ‘ಲೆಕ್ಕಕ್ಕೆ ಸಿಗದ್ದು’ ಅಂತ ಅಷ್ಟನ್ನೂ ಬರೀರಿ. ಮುಂದಿನ ತಿಂಗಳು ಅದು ಕಮ್ಮಿ ಆಯ್ತಾ ನೋಡಿ. ಬಜೆಟ್ ಹಾಕಿದ್ದಕ್ಕಿಂತ ಆಸೆ ಹೆಚ್ಚಾದ್ರೆ ಸುಳ್ಳು ಬರೀಬೇಡಿ, ಬಜೆಟ್ ತಿದ್ದಿ.”

ಮುಖ್ಯೋಪಾಧ್ಯಾಯಿನಿ ಆಗಲೇ ‘ಇವರ ಲೆಕ್ಕ ಸಂಪೂರ್ಣ ತಾಳೆಯಾಗಿದೆ’ ಎಂದು ಪ್ರಮಾಣಪತ್ರದ ಹಾಳೆಗಳನ್ನು ಅಚ್ಚು ಹಾಕಿಸಿದ್ದರು. “ದಂಡ ಖರ್ಚಾಯ್ತಲ್ರೀ” ಎಂದು ಅವರು ಗೊಣಗುತ್ತಿದ್ದಂತೆಯೇ ಮೇಷ್ಟ್ರು ಒಂದೇ ಒಂದು ಹಾಳೆ ಎತ್ತಿಕೊಂಡು, ‘ಸಂಪೂರ್ಣ’ದಿಂದ ‘ತಾಳೆಯಾಗಿದೆ’ವರೆಗೆ ಗೆರೆ ಎಳೆದು, ಮೇಲೆ ‘ನಿಜವಾಗಿದೆ’ ಎಂದು ಬರೆದು ಸಹಿ ಹಾಕಿ ಹುಡುಗಿಯ ಕೈಗಿಟ್ಟರು. ಮಿಕ್ಕವರು ಇನ್ನೊಂದು ತಿಂಗಳು ಬರೆಯಬೇಕು.

ಅವಳ ಅಮ್ಮ ಆ ಹಾಳೆಯನ್ನು ಎರಡು ಸಲ ಓದಿದಳಂತೆ. “ನಲವತ್ತು ಕಳೆದವಳಿಗೆ ಸರ್ಟಿಫಿಕೇಟಾ? ಇದ್ಯಾವ ಸ್ಕೂಲೇ?” ಅಂದಳಂತೆ. ಆದರೂ ಮುಂದಿನ ತಿಂಗಳ ಮೊದಲ ದಿನ ಆರುನೂರು ಎಣಿಸಿ ಮಗಳ ಕೈಗಿಟ್ಟಳು, ಒಟ್ಟಿಗೆ.

ಅದೇ ದಿನ ಮೇಷ್ಟ್ರೂ ಹೆಂಡತಿಯ ಮುಂದೆ ಪುಸ್ತಕ ಹಿಡಿದು ನಿಂತರು. ಓದುತ್ತಾ ಹೋದ ಹೆಂಡತಿ ಕ್ರೀಮ್ ಬನ್ನಿನ ಸಾಲಿಗೆ ಬಂದು ನಿಂತುಬಿಟ್ಟರು.

“ಇದು ಅಗತ್ಯಾನೋ ಆಸೇನೋ?”

ಇಡೀ ತರಗತಿಗೆ ಕಲಿಸಿದವರು ಸುಳ್ಳು ಹೇಳುವುದು ಹೇಗೆ? “ಆಸೆ” ಎಂದರು ಮೇಷ್ಟ್ರು.

“ಸರಿ” ಎಂದು ಹೆಂಡತಿ ಪಾಕೆಟ್ ಮನಿಯಿಂದ ನೂರೆಪ್ಪತ್ತನ್ನು ಎತ್ತಿ ತಮ್ಮ ಡಬ್ಬಿಗೆ ಹಾಕಿಕೊಂಡರು. “ಉಳಿತಾಯ ಮೊದಲು, ಅಲ್ವೇನ್ರೀ?”