ಅಳತೆಯ ಭಯ

ಎಪ್ಪತ್ತರ ದಶಕದಲ್ಲಿ ಚನ್ನಪಟ್ಟಣದಲ್ಲಿ ನಾನು ಹೆರಿಗೆ ಕ್ಲಿನಿಕ್ ನಡೆಸುತ್ತಿದ್ದೆ. ಗಂಡಸರನ್ನು ನೋಡುತ್ತಿದ್ದವರು ನಮ್ಮ ಯಜಮಾನರು, ಅವರೂ ಡಾಕ್ಟರೇ. ಆ ಮಧ್ಯಾಹ್ನ ಅವರು ಬೆಂಗಳೂರಿಗೆ ಹೋಗಿದ್ದರು. ಬೊಂಬೆ ಕೆಲಸದ ಇಬ್ಬರು ಅಣ್ಣತಮ್ಮಂದಿರು ಜಟಕಾದಿಂದಿಳಿದು ಒಳಗೆ ಬಂದರು. ಅವರಲ್ಲಿ ಕಿರಿಯವನು ಕಾಲು ಅಗಲಿಸಿಕೊಂಡು, ಪಂಚೆಯನ್ನು ಮೈಯಿಂದ ದೂರ ಹಿಡಿದುಕೊಂಡು ನಡೆಯುತ್ತಿದ್ದ.

"ಡಾಕ್ಟ್ರು ಇಲ್ವಾ ಅಮ್ಮಾವ್ರೇ?" ಎಂದ ಅಣ್ಣ.

"ನಾನೇ ಇವತ್ತು ಡಾಕ್ಟ್ರು."

ತಮ್ಮ ವಾಪಸ್ಸು ತಿರುಗಿದ. ಅಣ್ಣ ಅವನ ರಟ್ಟೆ ಹಿಡಿದ. "ಎಲ್ಗ್ಲಾ ಹೋಯ್ತೀಯಾ? ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿಲ್ಲ ಕಣ್ರಮ್ಮ ಇವ್ನು."

ಪರದೆಯ ಹಿಂದೆ ಪಂಚೆ ಸರಿಸಿ ನೋಡಿದೆ. ಶಿಶ್ನದ ಬುಡದಲ್ಲಿ ಮರದ ಬಳೆ. ಲೇತಿನಲ್ಲಿ ತಿರುಗಿಸಿ ನುಣುಪು ಮಾಡಿ ಕೆಂಪು ಅರಗು ಹಚ್ಚಿದ್ದು. ಅದರ ಮುಂದಿನ ಭಾಗವೆಲ್ಲ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ರಕ್ತ ಒಳಗೆ ಹೋಗುತ್ತಿತ್ತು, ಹಿಂದಕ್ಕೆ ಬರಲು ದಾರಿ ಇರಲಿಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸಿದರೆ ಅಷ್ಟು ಹೊತ್ತಿಗೆ ಏನು ಉಳಿದಿರುತ್ತದೋ. ಕಾನ್ವೆಂಟಿನ ಸಿಸ್ಟರ್‌ಗಳು ಮೊಣಕಾಲಿಗೂ ಹೆಸರು ಹೇಳದೆ ಬೆಳೆಸಿದ ಹುಡುಗಿ ನಾನು. 'ಪ್ಲೀಸ್ ಗಾಡ್, ನನ್ನ ಕೈ ನಡುಗದಿರಲಿ' ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಐಸ್ ಇಟ್ಟು ಬ್ಯಾಂಡೇಜ್ ಸುತ್ತಿ ಊತ ಇಳಿಸಲು ನೋಡಿದೆ. ಬಳೆ ಜರುಗಲಿಲ್ಲ. ಕತ್ತರಿಸಲೇಬೇಕಿತ್ತು. ಅಣ್ಣನನ್ನು ಕಳಿಸಿ ಅವರ ಕಾರ್ಖಾನೆಯಿಂದ ಸಣ್ಣ ಹಲ್ಲಿನ ಗರಗಸ ತರಿಸಿ ಕುದಿಸಿದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮಕ್ಕೂ ಬಳೆಗೂ ನಡುವೆ ಚಪ್ಪಟೆ ಸ್ಟೀಲ್ ಪಟ್ಟಿ ತೂರಿಸಿ ಕೊಯ್ಯತೊಡಗಿದೆ. ನರ್ಸ್ ಮೇಲಿಂದ ತಣ್ಣೀರು ಬಿಡುತ್ತಿದ್ದಳು. ಗರಗಸ ಒಂದಿಷ್ಟು ಜಾರಿದರೂ ಮುಗಿಯಿತು. ಒಂದು ಕಡೆ ಸೀಳಿದರೆ ಸಾಲಲಿಲ್ಲ. ಎದುರು ಬದಿಯಲ್ಲೂ ಕೊಯ್ದ ಮೇಲೆ ಬಳೆ ಎರಡು ಹೋಳಾಗಿ ಬಿತ್ತು.

ಚರ್ಮದ ಬಣ್ಣ ಮಾತ್ರ ತಕ್ಷಣ ಬದಲಾಗಲಿಲ್ಲ. ಅಲ್ಲೇ ಕೂತು ನೋಡುತ್ತಿದ್ದೆ.

"ಯಾಕಪ್ಪಾ ಹೀಗೆ ಮಾಡಿಕೊಂಡೆ?"

ಅವನು ಗೋಡೆ ಕಡೆ ಮುಖ ಮಾಡಿದ. "ಬರೋ ವಾರ ಮದ್ವೆ ಐತೆ. ಕೆರೇಲಿ ಈಜುವಾಗ ಬೇರೆಯೋರ್ದೆಲ್ಲ ನೋಡಿದ್ದೆ. ನಂದು ಒಸಿ ಚಿಕ್ದು. ಮನೇಲಿ ಬೊಂಬೆ ಅಳೆಯೋ ಕ್ಯಾಲಿಪರ್ ಹಾಕಿ ಅಳೆದ್ನಿ. ಬಸ್ ಸ್ಟ್ಯಾಂಡ್ ಲಾಡ್ಜಿಗೆ ಬರೋ ಡಾಕ್ಟ್ರು ಭಾರ ಕಟ್ಟಿದ್ರೆ ಉದ್ದ ಆಯ್ತದೆ ಅಂದ್ರು. ದಾರ ಜಾರ್ತಿತ್ತು. ಅದ್ಕೇ ಭಾರ ಕಟ್ಟಕ್ಕೆ ಬಳೆ ಮಾಡ್ಕಂಡೆ."

ಬೊಂಬೆಗಾಡಿಯ ಕಡ್ಡಿಗೆ ಚಕ್ರ ಕೂರಿಸುವಷ್ಟೇ ಬಿಗಿಯಾಗಿ ಮಾಡಿಕೊಂಡಿದ್ದ. ಮರದ ಕಡ್ಡಿ ಊದುವುದಿಲ್ಲ, ಮೈ ಊದುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

"ಯಾವಾಗ ಅಳೆದೆ?"

"ತಣ್ಣೀರು ಸ್ನಾನ ಮಾಡಿ, ಹಂಗೇ."

"ತಣ್ಣೀರಿಗೂ ಹೆದರಿಕೆಗೂ ಎಲ್ಲರದ್ದೂ ಮುದುಡುತ್ತದಪ್ಪ. ಆ ಅಳತೆಗೆ ಬೆಲೆಯೇ ಇಲ್ಲ. ಮಲಗಿದ್ದಾಗ ಚಿಕ್ಕದಾಗಿ ಕಂಡದ್ದು ಎದ್ದಾಗ ಹೆಚ್ಚು ಬೆಳೆಯಬಹುದು. ಎದ್ದಾಗ ಐದು ಇಂಚಿನ ಆಸುಪಾಸು ಇರುತ್ತದೆ ಹೆಚ್ಚಿನವರಿಗೆ. ಕೆಲವರಿಗೆ ಇನ್ನೂ ಕಡಿಮೆ, ಕೆಲವರಿಗೆ ಜಾಸ್ತಿ. ಎಲ್ಲಾ ನಾರ್ಮಲ್. ನಿಂದು ನೋಡಿದೆನಲ್ಲ, ಊತ ಕಳೆದರೂ ನಾರ್ಮಲ್. ಇನ್ನೊಂದು, ಮೇಲಿಂದ ಬಗ್ಗಿ ನೋಡಿದರೆ ಯಾರಿಗೂ ತನ್ನದು ಗಿಡ್ಡವಾಗೇ ಕಾಣುತ್ತದೆ. ಪಕ್ಕದವನದು ಎದುರಿಂದ ಕಾಣುತ್ತದೆ."

ಅವನು ಸಣ್ಣ ದನಿಯಲ್ಲಿ, "ಅವ್ಳು ನಗಲ್ವಾ ಅಮ್ಮಾವ್ರೇ?" ಎಂದ.

"ನಾನು ಹೆಂಗಸು, ಅದನ್ನು ನಾನು ಹೇಳುತ್ತೇನೆ ಕೇಳು. ಹೆಂಗಸಿಗೆ ಸುಖ ಕೊಡುವ ಜಾಗ ಮುಖ್ಯವಾಗಿ ಹೊರಗೇ, ಬಾಗಿಲ ಮೇಲೇ ಇದೆ. ಒಳಗೂ ಬಾಗಿಲ ಹತ್ತಿರವೇ ಹೆಚ್ಚು ಗೊತ್ತಾಗುವುದು, ಆಳದಲ್ಲಲ್ಲ. ಅವಸರ ಮಾಡಬೇಡ. ಮೃದುವಾಗಿ ಮುಟ್ಟು, ಮಾತಾಡು, ಏನು ಹಿತ ಅಂತ ಅವಳನ್ನೇ ಕೇಳು. ಇಂಚು ಕೇಳಿಕೊಂಡು ನನ್ನ ಹತ್ತಿರ ಒಬ್ಬ ಹೆಂಗಸೂ ಬಂದಿಲ್ಲ. ಗಂಡ ಮಾತಾಡಿಸಲ್ಲ ಅಂತ ಬಂದವರು ಎಷ್ಟೋ ಜನ."

ಪರದೆಯಾಚೆ ಅಣ್ಣ ಕೆಮ್ಮಿದ. "ಲೇ, ನಂಗೂ ಮದ್ವೆಗೆ ಮುಂಚೆ ಇದೇ ದಿಗಿಲು ಕಣ್ಲಾ. ಯಾರ್ಗೇಳದು ಅಂತ ಬಾಯ್ಮುಚ್ಕಂಡಿದ್ದೆ."

"ಒಂದ್ ಮಾತು ಯೋಳಿದ್ರೆ ನಾನು ಇದ್ನ ಮಾಡ್ಕತಿದ್ನಾ?" ಎಂದು ತಮ್ಮ ಅತ್ತುಬಿಟ್ಟ.

ಅಷ್ಟರಲ್ಲಿ ನೇರಳೆಯ ಅಂಚಿನಲ್ಲಿ ಕೆಂಪು ಮೂಡತೊಡಗಿತ್ತು. ಬೆರಳಿಟ್ಟು ಒತ್ತಿ ಬಿಟ್ಟೆ, ಬಿಳಿಯಾಗಿ ಮತ್ತೆ ಕೆಂಪಾಯಿತು. ಆದರೆ ಮೂತ್ರನಾಳಕ್ಕೆ ಪೆಟ್ಟಾಗಿದ್ದರೆ? ಎರಡು ಲೋಟ ನೀರು ಕುಡಿಸಿ, ಮೂತ್ರದ ಪ್ಯಾನ್ ಕೊಟ್ಟು, ನಾನೂ ಹೊರಬಂದು ಅಣ್ಣನ ಪಕ್ಕದ ಬೆಂಚಿನಲ್ಲಿ ಕೂತೆ. ಇಬ್ಬರೂ ಪರದೆಯನ್ನೇ ನೋಡುತ್ತಿದ್ದೆವು. ಅವನು ಉಗುರು ಕಚ್ಚುತ್ತಿದ್ದ. ನಾನು ಸೆರಗಿನ ತುದಿ ತಿರುಚುತ್ತಿದ್ದೆ.

ಕೊನೆಗೆ ಪ್ಯಾನಿಗೆ ಒಂದೆರಡು ಹನಿ ಬಿದ್ದ ಸದ್ದು. ನಿಂತಿತು. ಆಮೇಲೆ ಧಾರೆ.

"ಬಂತು ಅಣ್ಣಾ, ಉರೀತದೆ!" ಎಂದು ಅವನು ಒಳಗಿಂದ ಕೂಗಿದ.

"ಉರೀಲಿ ಬುಡ್ಲಾ," ಎಂದ ಅಣ್ಣ, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು.